ಎರಡು ಸಲ ಕಟ್ಟಾದ ದುಡ್ಡು: ‘ಸಾರಿ’ ಮೆಸೇಜಿನಲ್ಲಿ ಏನಿರಬೇಕು?

ಚಂದಾದಾರರ ದುಡ್ಡಿನಿಂದಲೇ ನಡೆಯುವ ಒಂದು ಸಣ್ಣ ಪತ್ರಿಕೆಯಲ್ಲಿ ಚಂದಾ ಲೆಕ್ಕ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೆ. ಒಂದು ದಿನ ಬೆಳಗ್ಗೆ ಒಬ್ಬ ಚಂದಾದಾರರಿಂದ ದೂರು ಬಂತು. ವಾರ್ಷಿಕ ಚಂದಾ 1,200 ರೂಪಾಯಿ ಅವರ ಖಾತೆಯಿಂದ ಎರಡು ಸಲ ಕಟ್ಟಾಗಿತ್ತು. ನಾನು ಹತ್ತೇ ನಿಮಿಷದಲ್ಲಿ ಉತ್ತರ ಕಳಿಸಿದೆ:

‘ಪ್ರಿಯ ಓದುಗರೇ, ತಾಂತ್ರಿಕ ಕಾರಣದಿಂದ ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಹೆಚ್ಚುವರಿ ಮೊತ್ತವು 5ರಿಂದ 7 ಕೆಲಸದ ದಿನಗಳಲ್ಲಿ ಮರುಪಾವತಿಯಾಗಲಿದೆ. ನಿಮ್ಮ ಬೆಂಬಲಕ್ಕೆ ಧನ್ಯವಾದ.’

ಬೇಗ ಉತ್ತರ ಕೊಟ್ಟೆ ಅಂತ ನನಗೆ ಸಮಾಧಾನವೇ ಇತ್ತು. ಮಧ್ಯಾಹ್ನ ಅವರೇ ಫೋನ್ ಮಾಡಿದರು. ದಾವಣಗೆರೆಯಲ್ಲಿ ಫುಡ್ ಡೆಲಿವರಿ ಕೆಲಸ ಮಾಡುವ ಹುಡುಗ. ‘ಮೇಡಂ, ಸಾರಿ ಎಲ್ಲ ಬೇಡ. ನನ್ನ ದುಡ್ಡು ಈಗ ಎಲ್ಲಿದೆ, ಅದನ್ನ ಹೇಳಿ ಸಾಕು’ ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ನೋಡಿಯೇ ಇರಲಿಲ್ಲ. ಮೆಸೇಜಿನ ಮೂರೂ ವಾಕ್ಯಗಳು ನಯವಾಗಿದ್ದವು, ಆದರೆ ಒಂದರಲ್ಲೂ ಅವರಿಗೆ ಬೇಕಾದ ಮಾಹಿತಿ ಇರಲಿಲ್ಲ.

ದುಡ್ಡು ಇರಬಹುದಾದ ಎರಡು ಜಾಗ

ಯುಪಿಐನಲ್ಲಿ ದುಡ್ಡು ಎರಡು ಸಲ ಕಟ್ಟಾದಾಗ ಆ ಹೆಚ್ಚುವರಿ ಹಣ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಡೆ ಇರುತ್ತದೆ. ಒಂದೋ, ಕೊಟ್ಟವರ ಖಾತೆಯಿಂದ ಹೊರಟಿದೆ, ಪಡೆಯಬೇಕಾದ ಸಂಸ್ಥೆಯ ಕಡೆ ಪಾವತಿ ಖಚಿತವಾಗಿಲ್ಲ, ಬ್ಯಾಂಕುಗಳ ನಡುವೆ ಸಿಕ್ಕಿಕೊಂಡಿದೆ. ಇಲ್ಲವೇ, ಎರಡೂ ಪಾವತಿ ಯಶಸ್ವಿಯಾಗಿ ಸಂಸ್ಥೆಯ ಕೈ ಸೇರಿದೆ. ಗ್ರಾಹಕರ ಫೋನಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ: ಬ್ಯಾಂಕಿನಿಂದ ಎರಡು ಡೆಬಿಟ್ ಮೆಸೇಜ್. ಆದರೆ ದುಡ್ಡು ವಾಪಸ್ ಕೊಡಬೇಕಾದವರು ಮಾತ್ರ ಬೇರೆ ಬೇರೆ.

ಮೊದಲನೆಯದಕ್ಕೆ ರಿಸರ್ವ್ ಬ್ಯಾಂಕಿನ ಸ್ಪಷ್ಟ ನಿಯಮವಿದೆ. 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ, ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿಯಲ್ಲಿ ಖಾತೆಯಿಂದ ಹಣ ಕಟ್ಟಾಗಿ ವ್ಯಾಪಾರಿಗೆ ಖಾತರಿ ಬಾರದಿದ್ದರೆ, ವಹಿವಾಟಿನ ದಿನದ ನಂತರ 5 ದಿನಗಳೊಳಗೆ ಹಣ ತಾನಾಗಿಯೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆ ಪರಿಹಾರಕ್ಕೆ ಗ್ರಾಹಕರು ದೂರು ಕೊಡಲಿ ಅಂತ ಬ್ಯಾಂಕ್ ಕಾಯುವಂತಿಲ್ಲ, ತಾನಾಗಿಯೇ ಕೊಡಬೇಕು.

ಎರಡನೆಯದಕ್ಕೆ ಈ ಗಡಿಯಾರ ಓಡುವುದಿಲ್ಲ. ಯಾಕೆಂದರೆ ಬ್ಯಾಂಕಿನ ದೃಷ್ಟಿಯಲ್ಲಿ ಅಲ್ಲಿ ಯಾವುದೂ ವಿಫಲವಾಗಿಲ್ಲ. ನೀವು ಎರಡು ಸಲ ಕೊಟ್ಟಿದ್ದೀರಿ, ಸಂಸ್ಥೆಗೆ ಎರಡು ಸಲ ಸಿಕ್ಕಿದೆ, ಅಷ್ಟೇ. ಸಂಸ್ಥೆಯವರು ಕೂತು ರೀಫಂಡ್ ಮಾಡದ ಹೊರತು ಆ ದುಡ್ಡು ಅಲ್ಲಿಂದ ಕದಲುವುದಿಲ್ಲ.

ನನ್ನ ‘5ರಿಂದ 7 ಕೆಲಸದ ದಿನಗಳು’ ಎಂಬ ಮಾತು ಈ ವ್ಯತ್ಯಾಸವನ್ನೇ ಮುಚ್ಚಿಹಾಕಿತ್ತು. ದುಡ್ಡು ಎಲ್ಲೋ ದಾರಿಯಲ್ಲಿದೆ, ತಾನೇ ಬರುತ್ತದೆ ಎನ್ನುವ ಹಾಗಿತ್ತು ಅದು.

ಲೆಕ್ಕ ತೆಗೆದು ನೋಡಿದಾಗ

ಫೋನ್ ಇಟ್ಟ ಮೇಲೆ ಪೇಮೆಂಟ್ ಗೇಟ್‌ವೇಯ ಲೆಕ್ಕ ತೆರೆದೆ. ಪ್ರತಿ ಯುಪಿಐ ಪಾವತಿಗೂ 12 ಅಂಕಿಯ ಒಂದು ಉಲ್ಲೇಖ ಸಂಖ್ಯೆ ಇರುತ್ತದೆ. ನಿಮ್ಮ ಆ್ಯಪಿನಲ್ಲಿ ಅದು ಹೆಚ್ಚಾಗಿ UTR ಅಂತ ಕಾಣುತ್ತದೆ. ಆ ಹುಡುಗ ಕಳಿಸಿದ್ದ ಎರಡು ಸಂಖ್ಯೆಗಳನ್ನು ಹುಡುಕಿದೆ. ಎರಡೂ ನಮ್ಮ ಪಟ್ಟಿಯಲ್ಲಿ ಇದ್ದವು, ಎರಡರ ಮುಂದೆಯೂ ‘ಯಶಸ್ವಿ’ ಅಂತಿತ್ತು. ಅಂದರೆ ದುಡ್ಡು ಬ್ಯಾಂಕಿನಲ್ಲೂ ಇರಲಿಲ್ಲ, ದಾರಿಯಲ್ಲೂ ಇರಲಿಲ್ಲ. ನಮ್ಮ ಹತ್ತಿರವೇ ಇತ್ತು.

ಆದದ್ದು ಹೀಗೆ. ಅವರು 4ನೇ ತಾರೀಖು ರಾತ್ರಿ ಪಾವತಿ ಮಾಡಿದ್ದರು. ಗೇಟ್‌ವೇಯಿಂದ ಉತ್ತರ ಬರುವುದು ತಡವಾಯಿತು. ನಮ್ಮ ಪುಟ ಒಂದಿಷ್ಟು ಹೊತ್ತು ಕಾದು ‘ಪಾವತಿ ವಿಫಲವಾಗಿದೆ, ಮತ್ತೆ ಪ್ರಯತ್ನಿಸಿ’ ಅಂತ ತೋರಿಸಿತು. ಅವರು ಮತ್ತೆ ಪ್ರಯತ್ನಿಸಿದರು. ಸ್ವಲ್ಪ ಹೊತ್ತಿನ ಬಳಿಕ ಮೊದಲ ಪಾವತಿಯೂ ಯಶಸ್ವಿಯಾಯಿತು. ನಮ್ಮ ವ್ಯವಸ್ಥೆ ‘ಈ ಆರ್ಡರಿಗೆ ಹಣ ಬಂದಿದೆ’ ಅಂತ ಗುರುತು ಹಾಕಿ, ಇನ್ನೊಂದು ಪಾವತಿಯನ್ನು ಸುಮ್ಮನೆ ಇಟ್ಟುಕೊಂಡಿತು.

ಇದರಲ್ಲಿ ಅವರ ತಪ್ಪು ಏನೂ ಇಲ್ಲ. ತಪ್ಪು ನಮ್ಮ ಪುಟದ ಒಂದು ಪದದಲ್ಲಿತ್ತು. ‘ಗೊತ್ತಿಲ್ಲ’ ಎನ್ನಬೇಕಾದಲ್ಲಿ ಅದು ‘ವಿಫಲ’ ಎಂದಿತ್ತು. ಇದನ್ನೇ ನಾನು ‘ತಾಂತ್ರಿಕ ಕಾರಣ’ ಅಂತ ಬರೆದಿದ್ದೆ, ಮಳೆ ಬಂದ ಹಾಗೆ, ಯಾರೂ ಮಾಡದೆ ಆದ ಹಾಗೆ.

1,200 ವಾಪಸ್ ಕೊಟ್ಟರೆ ಸರಿಹೋಗುತ್ತದೆಯೇ?

ಸಂಜೆ ನಾನೇ ಅವರಿಗೆ ಫೋನ್ ಮಾಡಿ, ದುಡ್ಡು ನಮ್ಮ ಹತ್ತಿರ ಇದೆ, ಈಗಲೇ ರೀಫಂಡ್ ಹಾಕಿದ್ದೇನೆ ಎಂದೆ. ಆಗ ಅವರು ಇನ್ನೊಂದು ವಿಷಯ ಹೇಳಿದರು.

ಅವರ ಖಾತೆಯಲ್ಲಿ ಇದ್ದದ್ದು 3,460 ರೂಪಾಯಿ. 5ನೇ ತಾರೀಖು ಬೆಳಗ್ಗೆ ಬೈಕ್ ಸಾಲದ ಇಎಂಐ 2,150 ಹೋಗಬೇಕಿತ್ತು. ಚಂದಾ ಒಂದೇ ಸಲ ಕಟ್ಟಾಗಿದ್ದರೆ 2,260 ಉಳಿದು ಇಎಂಐ ಸಲೀಸಾಗಿ ಹೋಗುತ್ತಿತ್ತು. ಎರಡು ಸಲ ಕಟ್ಟಾಗಿ ಉಳಿದದ್ದು 1,060. ಇಎಂಐ ಬೌನ್ಸ್ ಆಯಿತು. ಬ್ಯಾಂಕ್ ಜಿಎಸ್‌ಟಿ ಸೇರಿಸಿ 590 ರೂಪಾಯಿ ಹಾಕಿತು, ಸಾಲ ಕೊಟ್ಟ ಕಂಪನಿ 450 ರೂಪಾಯಿ ಹಾಕಿತು. ಒಟ್ಟು 1,040.

ಅಂದರೆ ನಾವು 1,200ನ್ನು ಪೂರ್ತಿ ವಾಪಸ್ ಕೊಟ್ಟ ಮೇಲೂ ಅವರಿಗೆ 1,040 ರೂಪಾಯಿ ನಷ್ಟ. ನಮ್ಮ ಲೆಕ್ಕದ ಪುಸ್ತಕದಲ್ಲಿ ಮಾತ್ರ ಎಲ್ಲವೂ ಸರಿಹೋದಂತೆ ಕಾಣುತ್ತಿತ್ತು. ಖಾತೆಯಲ್ಲಿ ಲಕ್ಷ ಇರುವವರಿಗೆ ಡಬಲ್ ಡೆಬಿಟ್ ಒಂದು ಕಿರಿಕಿರಿ. ತಿಂಗಳ ಮೊದಲ ವಾರ ನೂರು ಇನ್ನೂರರ ಅಂತರದಲ್ಲಿ ದಾಟುವವರಿಗೆ ಅದು ದಂಡ. ‘ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎನ್ನುವ ವಾಕ್ಯ ಇಬ್ಬರನ್ನೂ ಒಂದೇ ಅಳತೆಯಲ್ಲಿ ಅಳೆಯುತ್ತದೆ.

ಇಂಥ ನಷ್ಟ ನಮ್ಮ ತಪ್ಪಿನಿಂದಲೇ ಆದದ್ದು ಅಂತ ಸಂಪಾದಕರ ಮುಂದೆ ಹೇಳಿದೆ. ‘ಎಲ್ಲರೂ ಇದನ್ನೇ ಕೇಳಿದರೆ?’ ಎಂಬ ಪ್ರಶ್ನೆ ಬಂತು, ಸಹಜ. ಕೊನೆಗೆ, ಬ್ಯಾಂಕಿನ ದಂಡದ ವಿವರ ತೋರಿಸಿದವರಿಗೆ ಅಷ್ಟನ್ನು ಕೊಡುವುದು ಅಂತ ತೀರ್ಮಾನವಾಯಿತು.

ಮತ್ತೆ ಬರೆದ ಮೆಸೇಜ್

ಎರಡನೇ ಮೆಸೇಜ್ ಹೀಗಿತ್ತು:

‘4ನೇ ತಾರೀಖು ರಾತ್ರಿ ನಿಮ್ಮ ಖಾತೆಯಿಂದ ನಮ್ಮ ಚಂದಾ 1,200 ರೂಪಾಯಿ ಎರಡು ಸಲ ಕಟ್ಟಾಗಿದೆ. ಎರಡೂ ಮೊತ್ತ ನಮಗೆ ಬಂದಿದೆ. ಮೊದಲ ಪಾವತಿ ಇನ್ನೂ ಖಚಿತವಾಗದೆ ಇದ್ದಾಗ ನಮ್ಮ ಪುಟ ಅದು ವಿಫಲ ಎಂದು ತಪ್ಪಾಗಿ ತೋರಿಸಿತು. ತಪ್ಪು ನಮ್ಮದು, ಕ್ಷಮಿಸಿ. ಒಂದು ಪಾವತಿಯ 1,200 ರೂಪಾಯಿಯನ್ನು ಇಂದು ಸಂಜೆ ರೀಫಂಡ್‌ಗೆ ಹಾಕಿದ್ದೇವೆ. ಅದು ನೀವು ಪಾವತಿಸಿದ ಖಾತೆಗೇ ಬರುತ್ತದೆ. ರೀಫಂಡ್ ಉಲ್ಲೇಖ ಸಂಖ್ಯೆ ಕೆಳಗಿದೆ. 10ನೇ ತಾರೀಖಿನೊಳಗೆ ಬಾರದಿದ್ದರೆ ನಾವೇ ಫೋನ್ ಮಾಡುತ್ತೇವೆ. ನಿಮ್ಮ ಚಂದಾ ಎಂದಿನಂತೆ ಮುಂದುವರಿಯುತ್ತದೆ. ಈ ಕಾರಣಕ್ಕೆ ಬೇರೆ ಯಾವುದೇ ಪಾವತಿ ಬೌನ್ಸ್ ಆಗಿ ದಂಡ ಬಿದ್ದಿದ್ದರೆ ತಿಳಿಸಿ, ಅದನ್ನು ನಾವು ಭರಿಸುತ್ತೇವೆ. ಹಣ ಪಡೆಯಲು ನೀವು ಯಾವ ಲಿಂಕನ್ನೂ ಒತ್ತಬೇಕಿಲ್ಲ, ಪಿನ್ ಅಥವಾ ಒಟಿಪಿ ಕೊಡಬೇಕಿಲ್ಲ.’

ಇದರಲ್ಲಿ ಎರಡು ವಿಷಯ ಗಮನಿಸಿ. ‘ರೀಫಂಡ್‌ಗೆ ಹಾಕಿದ್ದೇವೆ’ ಬೇರೆ, ‘ನಿಮ್ಮ ಖಾತೆಗೆ ಬಂದಿದೆ’ ಬೇರೆ. ನಾವು ಗುಂಡಿ ಒತ್ತಿದ ಮೇಲೆ ಗೇಟ್‌ವೇ ಮತ್ತು ಬ್ಯಾಂಕಿನ ಕೆಲಸ ಬಾಕಿ ಇರುತ್ತದೆ. ಹಾಗಾಗಿ ಉಲ್ಲೇಖ ಸಂಖ್ಯೆ ಬೇಕು. ದುಡ್ಡು ಬಾರದಿದ್ದರೆ ಗ್ರಾಹಕರು ಬ್ಯಾಂಕಿಗೆ ತೋರಿಸಬಹುದಾದ ಸಾಕ್ಷಿ ಅದೊಂದೇ. ಇನ್ನೊಂದು, ಕೊನೆಯ ವಾಕ್ಯ. ‘ರೀಫಂಡ್ ಕೊಡುತ್ತೇವೆ’ ಅಂತ ಪಿನ್ ಹಾಕಿಸಿ ದುಡ್ಡು ಎಗರಿಸುವುದು ಹಳೆಯ ಮೋಸ. ಯುಪಿಐನಲ್ಲಿ ಪಿನ್ ಬೇಕಾಗುವುದು ದುಡ್ಡು ಕೊಡುವಾಗ, ಪಡೆಯುವಾಗ ಅಲ್ಲ.

‘ಹೆಚ್ಚಿನ ಹಣವನ್ನು ಮುಂದಿನ ವರ್ಷದ ಚಂದಾಕ್ಕೆ ಹೊಂದಿಸೋಣ’ ಎನ್ನುವ ಸಲಹೆಯೂ ನಮ್ಮಲ್ಲಿ ಬಂದಿತ್ತು. ಬೇಡ ಎಂದೆ. ಅವರು ತಾವಾಗಿ ಕೇಳಿದರೆ ಸರಿ, ಕೇಳದೆ ಹೊಂದಿಸಿದರೆ ಅದು ಅವರ ದುಡ್ಡನ್ನು ನಾವು ಒಂದು ವರ್ಷ ಇಟ್ಟುಕೊಂಡಂತೆ.

ದೂರು ಕೊಡದೆ ಇದ್ದ 11 ಜನ

ಒಂದೇ ಆರ್ಡರಿಗೆ ಎರಡು ಯಶಸ್ವಿ ಪಾವತಿ ಇರುವ ಹೆಸರುಗಳನ್ನು ಹಿಂದಿನ ಮೂರು ತಿಂಗಳ ಲೆಕ್ಕದಲ್ಲಿ ಹುಡುಕಿದೆ. ಇನ್ನೂ 11 ಜನ ಸಿಕ್ಕರು. ಅವರಲ್ಲಿ ಒಬ್ಬರೂ ದೂರು ಕೊಟ್ಟಿರಲಿಲ್ಲ. ಗಮನಿಸಿರಲಿಲ್ಲವೋ, ಕೇಳಿ ಏನು ಪ್ರಯೋಜನ ಅಂದುಕೊಂಡರೋ. ಅವರ 13,200 ರೂಪಾಯಿ ನಮ್ಮ ಪುಸ್ತಕದಲ್ಲಿ ‘ಆದಾಯ’ ಅಂತ ಕೂತಿತ್ತು. ಎಲ್ಲರಿಗೂ ರೀಫಂಡ್ ಹಾಕಿ, ಅದೇ ಮೆಸೇಜ್ ಕಳಿಸಿದೆವು. ಪುಟವನ್ನೂ ಬದಲಿಸಿದೆವು. ಈಗ ಅದು ‘ಖಚಿತವಾಗಿಲ್ಲ, ಸ್ವಲ್ಪ ಕಾಯಿರಿ’ ಅನ್ನುತ್ತದೆ. ಮೊದಲ ಪಾವತಿ ಏನಾಯಿತೆಂದು ಗೇಟ್‌ವೇಯನ್ನು ಕೇಳದೆ ಎರಡನೇ ಪಾವತಿಗೆ ದಾರಿ ಬಿಡುವುದಿಲ್ಲ.

ನಿಮಗೆ ಹೀಗಾದರೆ ಮೊದಲು ಎರಡೂ ಉಲ್ಲೇಖ ಸಂಖ್ಯೆ ಬರೆದಿಟ್ಟುಕೊಳ್ಳಿ. ಸಂಸ್ಥೆಯನ್ನು ‘ಎರಡೂ ನಿಮಗೆ ಬಂದಿದೆಯಾ, ಒಂದಾ?’ ಅಂತಲೇ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ. ಒಂದೇ ಬಂದಿದೆ ಎಂದರೆ ನಿಮ್ಮ ಬ್ಯಾಂಕಿಗೆ ದೂರು ಕೊಡಿ. ಬ್ಯಾಂಕ್ 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಎರಡೂ ಬಂದಿದೆ, ಆದರೂ ಕೊಡುತ್ತಿಲ್ಲ ಎಂದಾದರೆ ಜಗಳ ಸಂಸ್ಥೆಯ ಜೊತೆ. ಅದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ದಾವಣಗೆರೆಯ ಹುಡುಗನಿಗೆ 1,200 ಮರುದಿನವೇ ಬಂತು. 1,040ನ್ನು ಬೇರೆಯಾಗಿ ಕಳಿಸಿದೆವು. ‘ಬಂತು ಮೇಡಂ’ ಅಂತ ಮೆಸೇಜ್ ಹಾಕಿದರು. ಮುಂದಿನ ವರ್ಷ ಚಂದಾ ನವೀಕರಿಸಲಿಲ್ಲ. ಅವರನ್ನು ಯಾಕೆ ಅಂತ ನಾನು ಕೇಳಲಿಲ್ಲ.