ಬನಗಾಂವ್ ಡ್ರಮ್ಮಿನ ನೀರು

1971ರಲ್ಲಿ ಪೂರ್ವ ಪಾಕಿಸ್ತಾನದ ಯುದ್ಧಕ್ಕೆ ಹೆದರಿ ಗಡಿ ದಾಟಿದ ಲಕ್ಷಾಂತರ ಜನ ಪಶ್ಚಿಮ ಬಂಗಾಳದ ಬನಗಾಂವ್ ಸುತ್ತಮುತ್ತ ಬೀಡುಬಿಟ್ಟಿದ್ದರು. ಮಳೆಗಾಲದೊಂದಿಗೆ ಕಾಲರಾವೂ ಬಂತು. ಅಲ್ಲಿನ ಸಣ್ಣ ಆಸ್ಪತ್ರೆಯಲ್ಲಿ ಹಾಸಿಗೆ ಸಾಲದೆ ರೋಗಿಗಳು ನೆಲದ ಮೇಲೂ ಮಲಗಿದ್ದರು. ಸಲೈನ್ ಬಾಟಲಿಗಳು ಮುಗಿಯುತ್ತ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಕುಡಿಸುವ ದ್ರಾವಣದ ಮೊರೆಹೋದರು.

ಕಾಲರಾ ಬ್ಯಾಕ್ಟೀರಿಯ ಕರುಳನ್ನು ಕೊರೆದು ಒಳನುಗ್ಗುವುದಿಲ್ಲ. ಒಳಗೋಡೆಗೆ ಅಂಟಿಕೊಂಡು ವಿಷ ಬಿಡುತ್ತದೆ, ಅಷ್ಟೆ. ಕಲ್ಕತ್ತೆಯ ಶಂಭುನಾಥ್ ಡೇ 1959ರಲ್ಲಿ ಇದನ್ನು ಮೊಲದ ಕರುಳಿನಲ್ಲಿ ತೋರಿಸಿದರು: ಬ್ಯಾಕ್ಟೀರಿಯವನ್ನು ಸೋಸಿ ತೆಗೆದ ದ್ರವವನ್ನಷ್ಟೇ ಹಾಕಿದರೂ ಕರುಳು ನೀರು ತುಂಬಿ ಉಬ್ಬಿತು.

ಆ ವಿಷಕ್ಕೆ ಎರಡು ಭಾಗ. ಒಂದು ಜೀವಕೋಶದ ಹೊರಮೈಯನ್ನು ಹಿಡಿದುಕೊಂಡರೆ, ಇನ್ನೊಂದು ಒಳಗೆ ಜಾರಿ, ಬೇಕಾದಾಗ ಹೊತ್ತಿ ಆರಬೇಕಾದ ಒಂದು ಸ್ವಿಚ್ಚನ್ನು ಆರದಂತೆ ಮಾಡುತ್ತದೆ. ಆಗ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ರಾಸಾಯನಿಕ ಮಿತಿಮೀರಿ ತುಂಬಿಕೊಳ್ಳುತ್ತದೆ. ಅದರ ಆಣತಿಯಂತೆ ಕ್ಲೋರೈಡ್ ಕರುಳಿನ ಟೊಳ್ಳಿಗೆ ಸುರಿಯುತ್ತದೆ. ಅದರ ಹಿಂದೆ ಸೋಡಿಯಂ, ಸೋಡಿಯಂ ಹಿಂದೆ ನೀರು. ಮಾಮೂಲಾಗಿ ಉಪ್ಪನ್ನು ಹೀರಿಕೊಳ್ಳುವ ಒಂದು ದಾರಿಯೂ ಕಟ್ಟಿಹೋಗುತ್ತದೆ. ತೀವ್ರವಾದಾಗ ಗಂಟೆಗೆ ಒಂದು ಲೀಟರಿನವರೆಗೂ ಅಕ್ಕಿ ತೊಳೆದ ನೀರಿನಂಥ ಭೇದಿಯಾಗುವುದು ಹೀಗೆ.

ಬರೀ ನೀರು ಕುಡಿಸಿದರೆ ಅದು ಸರಿಯಾಗಿ ಒಳಸೇರದು, ಕಳೆದ ಉಪ್ಪೂ ಮರಳದು. ಆದರೆ ವಿಷ ಮುಟ್ಟದ ಇನ್ನೊಂದು ದಾರಿ ಉಳಿದಿರುತ್ತದೆ. ಅದೇ ಕೋಶಗಳ ಮೇಲಿರುವ ಒಂದು ಪ್ರೋಟೀನು ಗ್ಲೂಕೋಸ್ ಸಿಕ್ಕಾಗ ಅದರ ಜೊತೆಗೇ ಸೋಡಿಯಮ್ಮನ್ನೂ ಒಳಗೆಳೆದುಕೊಳ್ಳುತ್ತದೆ. ಇವೆರಡರ ಬೆನ್ನಿಗೆ ನೀರೂ ಒಳಬರುತ್ತದೆ. ಇಲ್ಲಿ ಗ್ಲೂಕೋಸಿನ ಮುಖ್ಯ ಕೆಲಸ ಶಕ್ತಿ ಕೊಡುವುದಲ್ಲ, ಉಪ್ಪನ್ನು ಕರೆತರುವುದು.

ಮಹಾಲನಬಿಸ್ ತಂಡ ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡ ಬೆರೆಸಿತು. ದ್ರಾವಣವನ್ನು ನಲ್ಲಿಯಿದ್ದ ಡ್ರಮ್ಮುಗಳಲ್ಲಿ ಇಡಲಾಯಿತು. ಹಿಡಿದು ಕುಡಿಸಿದ್ದು ಬಹುಪಾಲು ರೋಗಿಗಳ ಮನೆಯವರೇ. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು, ಈ ಚಿಕಿತ್ಸೆ ಪಡೆದವರಲ್ಲಿ 3.6ಕ್ಕೆ ಇಳಿಯಿತು.

ಸಕ್ಕರೆ ಹೆಚ್ಚು ಹಾಕಿದರೆ ಹೆಚ್ಚು ಗುಣ ಎನ್ನುವ ಲೆಕ್ಕ ಇಲ್ಲಿ ತಲೆಕೆಳಗು. ಗಾಢವಾದ ದ್ರಾವಣ ರಕ್ತದ ನೀರನ್ನೇ ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಈಗಿನ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಗ್ಲೂಕೋಸ್ ಲೀಟರಿಗೆ 13.5 ಗ್ರಾಂ ಮಾತ್ರ. ಭೇದಿಯಲ್ಲಿ ನಷ್ಟವಾಗುವ ಪೊಟ್ಯಾಸಿಯಂ ತುಂಬಲು ಅದರ ಲವಣವನ್ನೂ ಸೇರಿಸಿದ್ದಾರೆ. ತಂಪು ಪಾನೀಯ ಇದಕ್ಕೆ ಬದಲಿಯಲ್ಲ: ಸಕ್ಕರೆ ವಿಪರೀತ, ಉಪ್ಪು ಅತ್ಯಲ್ಪ.

ಓಆರ್‌ಎಸ್ ಕುಡಿದ ಕೂಡಲೇ ಭೇದಿ ನಿಲ್ಲುವುದಿಲ್ಲ. ಅದನ್ನು ಕಂಡು ಕುಡಿಸುವುದನ್ನು ಬಿಟ್ಟುಬಿಡುವುದೇ ದೊಡ್ಡ ತಪ್ಪು. ವಾಂತಿಯಾದರೆ ಹತ್ತು ನಿಮಿಷ ತಡೆದು, ಮತ್ತೆ ಗುಟುಕು ಗುಟುಕಾಗಿ ಕೊಡಬೇಕು. ನಾಡಿ ಸಿಗದಷ್ಟು ಕ್ಷೀಣಿಸಿದ್ದರೆ, ಕುಡಿಯಲೂ ಆಗದಷ್ಟು ಮಂಪರಿದ್ದರೆ ಮಾತ್ರ ಕಾಯುವಂತಿಲ್ಲ, ರಕ್ತನಾಳಕ್ಕೇ ಸಲೈನ್ ಬೇಕು. ಉಳಿದವರಿಗೆ, ವಿಷ ತಗುಲಿದ ಕೋಶಗಳು ಉದುರಿ ಹೊಸವು ಬರುವ ಕೆಲವು ದಿನಗಳವರೆಗೆ, ಹೋದಷ್ಟು ನೀರನ್ನು ತುಂಬುತ್ತಿದ್ದರೆ ಸಾಕು.