ಗಡುವು ಕದಲದಿದ್ದಾಗ

2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 50 ಲಕ್ಷಕ್ಕೂ ಹೆಚ್ಚು ಗ್ರಾಹಕರ ಖಾತೆಗಳನ್ನು ಹೊಸ ಕಂಪ್ಯೂಟರ್ ವ್ಯವಸ್ಥೆಗೆ ವರ್ಗಾಯಿಸಿತು. ಖಾತೆಯ ವಿವರಗಳೇನೋ ಬಂದು ಸೇರಿದವು. ಆದರೆ ಹೊಸ ವ್ಯವಸ್ಥೆಯೇ ಕೈಕೊಟ್ಟಿತು. ಲಕ್ಷಾಂತರ ಜನ ತಮ್ಮದೇ ಹಣ ಮುಟ್ಟಲಾಗದೆ ಪರದಾಡಿದರು. 2022ರಲ್ಲಿ ನಿಯಂತ್ರಕರು ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ಹಾಕಿದರು.

ತಪ್ಪಿನ ಬೇರು ವೇಳಾಪಟ್ಟಿಯಲ್ಲೂ ಇತ್ತು. ಮುಗಿಸುವ ದಿನವನ್ನು ಮೊದಲು ಗೊತ್ತುಮಾಡಿ, ಕೆಲಸಗಳನ್ನು ಅದರೊಳಗೆ ತುರುಕಲಾಗಿತ್ತು ಎಂದು ಸ್ವತಂತ್ರ ತನಿಖೆ ಹೇಳಿತು. ಕೆಲವು ಕೆಲಸಗಳು ಏಳು ತಿಂಗಳವರೆಗೆ ಹಿಂದುಳಿದಿದ್ದರೂ ಗಡುವು ಮುಂದೆ ಹೋದದ್ದು ನಾಲ್ಕೇ ತಿಂಗಳು.

ಹಾಗಾದರೆ ಗಡುವು ನಿಶ್ಚಿತವಾಗಿರುವಾಗ ಪಟ್ಟಿ ಹಾಕುವುದು ಹೇಗೆ? ಏಪ್ರಿಲ್ 1ಕ್ಕೆ ಹೊಸ ಸಾಫ್ಟ್‌ವೇರ್‌ಗೆ ಹೋಗಲೇಬೇಕಾದ ಒಂದು ಸಹಕಾರಿ ಬ್ಯಾಂಕನ್ನು ಊಹಿಸಿಕೊಳ್ಳಿ. ಹಳೆಯ ದಾಖಲೆಯ ಯಾವ ಅಂಕಣ ಹೊಸದರಲ್ಲಿ ಎಲ್ಲಿಗೆ ಹೋಗಬೇಕೆಂದು ಗುರುತಿಸುವುದು, ವರ್ಗಾವಣೆಯ ಪ್ರೋಗ್ರಾಂ ಬರೆಯುವುದು, ಮೊದಲ ತಾಲೀಮು ನಡೆಸಿ ದೋಷ ತಿದ್ದುವುದು, ಪೂರ್ತಿ ದತ್ತಾಂಶದೊಂದಿಗೆ ಕೊನೆಯ ತಾಲೀಮು ಮಾಡಿ ಬಾಕಿ ಮೊತ್ತಗಳನ್ನು ತಾಳೆ ನೋಡುವುದು: ಈ ನಾಲ್ಕರಲ್ಲಿ ಒಂದು ಮುಗಿಯದೆ ಇನ್ನೊಂದು ಶುರುವಾಗದು. ಇದೇ ಕ್ರಿಟಿಕಲ್ ಪಾತ್. ಇಲ್ಲಿ ಒಂದು ದಿನ ತಡವಾದರೆ ಇಡೀ ಯೋಜನೆಯೇ ಒಂದು ದಿನ ತಡ. ಶಾಖೆಯ ಸಿಬ್ಬಂದಿಯ ತರಬೇತಿ ಈ ಸರಪಳಿಯ ಹೊರಗಿದೆ. ಕೊನೆಯ ತಾಲೀಮಿಗೆ ಮುಂಚೆ ಒಂಬತ್ತು ವಾರ ಸಿಗುತ್ತದೆ, ತರಬೇತಿಗೆ ಬೇಕಿರುವುದು ಐದು. ನಾಲ್ಕು ವಾರ ಬಿಡುವಿದೆ.

ಸರಪಳಿಯ ಕೆಲಸಗಳಿಗೆ ಎಷ್ಟು ಕಾಲ ಬೇಕೆಂದು ಕೇಳಿದರೆ ಪ್ರತಿಯೊಬ್ಬರೂ ಒಂದಿಷ್ಟು ಹೆಚ್ಚೇ ಹೇಳುತ್ತಾರೆ. ಒಟ್ಟು 18 ವಾರ ಬಂತೆನ್ನೋಣ. ಆ ಹೆಚ್ಚಿನದನ್ನು ತೆಗೆದು ಪ್ರತಿ ಕೆಲಸಕ್ಕೆ ಮೂರು ವಾರ ಕೊಟ್ಟರೆ ಆಗುವುದು 12. ಉಳಿದ ಆರು ವಾರವನ್ನು ಒಟ್ಟಾಗಿ ಕೊನೆಯಲ್ಲಿ ಬಫರ್ ಆಗಿ ಇಡಬೇಕು. ಎಲಿಯಾಹು ಗೋಲ್ಡ್‌ರಾಟ್ 1997ರಲ್ಲಿ ಪ್ರಚಾರಕ್ಕೆ ತಂದ ವಿಧಾನವಿದು. ಕೆಲಸಕ್ಕೊಂದರಂತೆ ಹಂಚಿಟ್ಟ ಬಿಡುವನ್ನು ಆಯಾ ಕೆಲಸವೇ ತಿಂದುಬಿಡುತ್ತದೆ, ಒಂದೆಡೆ ಇಟ್ಟದ್ದು ನಿಜವಾಗಿ ತಡವಾದಲ್ಲಿಗೆ ಒದಗುತ್ತದೆ. ಈ ಲೆಕ್ಕದಲ್ಲಿ ಕೆಲಸ ನವೆಂಬರ್ ಕೊನೆಯ ವಾರದಲ್ಲೇ ಆರಂಭವಾಗಬೇಕು.

ಇನ್ನು ಪ್ರತಿ ವಾರ ನೋಡಬೇಕಾದದ್ದು ಎರಡೇ ಸಂಖ್ಯೆ: ಸರಪಳಿ ಎಷ್ಟು ಮುಗಿದಿದೆ, ಬಫರ್ ಎಷ್ಟು ಖರ್ಚಾಗಿದೆ. ಮೂರನೇ ಒಂದು ಭಾಗ ಕೆಲಸ ಆಗುವಷ್ಟರಲ್ಲಿ ಅರ್ಧ ಬಫರ್ ಕರಗಿದ್ದರೆ ಅದು ಅಪಾಯದ ಸೂಚನೆ. ಆಗ ಹೊಸ ವರದಿಗಳು, ಮೊಬೈಲ್ ಆ್ಯಪ್‌ನ ಹೆಚ್ಚುವರಿ ಸೌಲಭ್ಯಗಳಂಥವನ್ನು ಏಪ್ರಿಲ್ ನಂತರಕ್ಕೆ ದೂಡಬಹುದು. ಆದರೆ ಅವನ್ನು ದೂಡುವುದರಿಂದ ಸರಪಳಿಯ ಕೆಲಸ ಹಗುರಾದರೆ ಮಾತ್ರ ದಿನ ಉಳಿಯುತ್ತದೆ.

ಕೊನೆಯ ತಾಲೀಮಿಗೆ ಮಾತ್ರ ಕತ್ತರಿ ಹಾಕಬಾರದು. ಟಿಎಸ್‌ಬಿಯಲ್ಲಿ ಒಂದಾದ ಮೇಲೊಂದು ನಡೆಯಬೇಕಿದ್ದ ಪರೀಕ್ಷೆಗಳನ್ನು ಒಟ್ಟೊಟ್ಟಿಗೆ ನಡೆಸಲಾಗಿತ್ತು. ಇದ್ದ ಎರಡು ಡೇಟಾ ಸೆಂಟರ್‌ಗಳಲ್ಲಿ ಹೊರೆ ತಾಳುವ ಪರೀಕ್ಷೆಗೆ ಒಳಗಾದದ್ದು ಒಂದೇ.