ಹೆಸರು ಒಂದೇ, ಪೆಟ್ಟಿಗೆ ಬೇರೆ: ದಾರಿ ತಪ್ಪಿ ಬಂದ ಇಮೇಲ್‌ಗೆ ಏನು ಮಾಡಬೇಕು?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳಲ್ಲಿ ಯಾವ ಶಾಲೆಯ ಹಾಜರಿ ಪುಸ್ತಕ ತೆರೆದರೂ ರಂಗನಾಥ, ಲಕ್ಷ್ಮಿ, ನರಸಿಂಹಮೂರ್ತಿ, ತಿಪ್ಪೇಸ್ವಾಮಿ ಎಂಬ ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ. ಮನೆದೇವರ ಹೆಸರಿಡುವ ಸೀಮೆಯಲ್ಲಿ ಅದು ಸಹಜ. ಹೆಸರಿನ ಹಿಂದೆ ಊರಿನ ಮತ್ತು ತಂದೆಯ ಮೊದಲಕ್ಷರ ಸೇರಿಸಿ ಜನ ಈ ಗೊಂದಲವನ್ನು ನಿಭಾಯಿಸಿಕೊಂಡು ಬಂದರು. ಅಷ್ಟೂ ಸಾಲದಾದಾಗ, ಯಾವ ರಂಗನಾಥ ಯಾರ ಮಗ ಎಂದು ಅಂಚೆಯವನಿಗೆ ಗೊತ್ತಿರುತ್ತಿತ್ತು. ಇಮೇಲ್‌ಗೆ ಆ ಅಂಚೆಯವನಿಲ್ಲ. ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸುವಾಗ ‘ranganathks84’ ಎಂದು ಹೇಳಬೇಕಾದವರು ಕೊನೆಯ ಎರಡು ಅಂಕಿ ಬಿಟ್ಟರೆ, ಅವರ ವಿದ್ಯಾರ್ಥಿವೇತನದ ಪತ್ರವೋ ರಕ್ತಪರೀಕ್ಷೆಯ ವರದಿಯೋ ಆ ಹೆಸರನ್ನು ಮೊದಲೇ ಹಿಡಿದಿಟ್ಟುಕೊಂಡ ಇನ್ಯಾವುದೋ ಊರಿನ ರಂಗನಾಥರಿಗೆ ಹೋಗಿ ಸೇರುತ್ತದೆ. ಹಾಗೆ ಬಂದದ್ದನ್ನು ಕಂಡೂ ಕಾಣದಂತೆ ಬಿಡುವುದೇ ಸಭ್ಯತೆ ಎಂದು ಬಹಳ ಜನ ತಿಳಿದಿದ್ದಾರೆ. ಇಮೇಲ್ ಕೆಲಸ ಮಾಡುವ ಬಗೆಯನ್ನು ನೋಡಿದರೆ ಆ ತಿಳಿವಳಿಕೆ ಸರಿಯಲ್ಲ. ಏಕೆಂದರೆ ತಪ್ಪಾಗಿದೆ ಎಂಬುದು ತಿಳಿಯುವ ಜಾಗ ಇಡೀ ವ್ಯವಸ್ಥೆಯಲ್ಲಿ ಒಂದೇ ಒಂದು, ಅದು ಪಡೆದವರ ಕಣ್ಣು.

ಆಧಾರ್ ಸಂಖ್ಯೆಯನ್ನು ತೆಗೆದುಕೊಳ್ಳಿ. ಅದರಲ್ಲಿರುವ 12 ಅಂಕಿಗಳಲ್ಲಿ ಕೊನೆಯದು ನಿಮ್ಮನ್ನು ಗುರುತಿಸುವುದಕ್ಕಲ್ಲ, ಉಳಿದ ಹನ್ನೊಂದನ್ನು ಕಾಯುವುದಕ್ಕೆ. ವರ್ಹೂಫ್ ಎಂಬ ಗಣಿತಜ್ಞನ ವಿಧಾನದಿಂದ ಅದನ್ನು ಲೆಕ್ಕ ಹಾಕಿ ಇಟ್ಟಿರುತ್ತಾರೆ. ಬರೆಯುವಾಗ ಒಂದು ಅಂಕಿ ತಪ್ಪಿದರೆ, ಅಥವಾ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಲೆಕ್ಕ ಕೂಡುವುದಿಲ್ಲ, ಯಂತ್ರ ಅಲ್ಲೇ ತಡೆಯುತ್ತದೆ. ಇಮೇಲ್ ವಿಳಾಸದಲ್ಲಿ ಇಂಥ ಕಾವಲು ಅಂಕಿ ಇಲ್ಲ. ಕಳಿಸುವ ಕಡೆಯ ಸರ್ವರ್ @ ಚಿಹ್ನೆಯ ಬಲಗಡೆಯ ಭಾಗವನ್ನಷ್ಟೇ ನೋಡಿ, ಅದು ಯಾವ ಸಂಸ್ಥೆಯ ಸರ್ವರ್ ಎಂದು ಹುಡುಕಿ ಪತ್ರವನ್ನು ಅಲ್ಲಿಗೆ ಒಯ್ಯುತ್ತದೆ. ಎಡಗಡೆಯ ಹೆಸರು ಯಾರದು ಎಂಬುದು ಪಡೆಯುವ ಸರ್ವರ್‌ಗೆ ಬಿಟ್ಟ ವಿಷಯ. ಆ ಹೆಸರಿನ ಪೆಟ್ಟಿಗೆ ಇಲ್ಲದಿದ್ದರೆ ಅದು ಸಾಮಾನ್ಯವಾಗಿ ‘550 5.1.1’ ಎಂಬ ಸಂಕೇತದೊಡನೆ ಪತ್ರವನ್ನು ನಿರಾಕರಿಸುತ್ತದೆ, ಕಳಿಸಿದವರಿಗೆ ‘ವಿಳಾಸ ಸಿಗಲಿಲ್ಲ’ ಎಂಬ ವಾಪಸ್ ಪತ್ರ ಬರುತ್ತದೆ. ಪೆಟ್ಟಿಗೆ ಇದ್ದರೆ ‘250’ ಎಂದು ಉತ್ತರಿಸುತ್ತದೆ, ಅಂದರೆ ‘ಸ್ವೀಕರಿಸಿದ್ದೇನೆ’. ಸರಿಯಾದ ರಂಗನಾಥರಿಗೆ ಹೋದಾಗಲೂ 250, ತಪ್ಪಾದವರಿಗೆ ಹೋದಾಗಲೂ ಅದೇ 250. ಕಳಿಸಿದವರ ‘ಸೆಂಟ್’ ಪಟ್ಟಿಯಲ್ಲಿ ಎರಡಕ್ಕೂ ಕೂದಲೆಳೆಯ ವ್ಯತ್ಯಾಸ ಇರುವುದಿಲ್ಲ.

ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಈ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. ತಿಪ್ಪೇಸ್ವಾಮಿ ಎಂಬ ಒಂದೇ ಹೆಸರಿನಲ್ಲಿ ಮೊದಲ ಅಕ್ಷರಕ್ಕೆ t ಅಥವಾ th, ಮಧ್ಯದಲ್ಲಿ ಒಂದು p ಅಥವಾ ಎರಡು, ಒಂದು e ಅಥವಾ ಎರಡು, w ಅಥವಾ v, ಕೊನೆಗೆ y ಅಥವಾ i. ಐದು ಕಡೆ ಎರಡೆರಡು ಆಯ್ಕೆ ಎಂದರೆ ಒಟ್ಟು 32 ಕಾಗುಣಿತ. ಪ್ರತಿಯೊಂದನ್ನೂ ಯಾರೋ ಒಬ್ಬ ತಿಪ್ಪೇಸ್ವಾಮಿ ತನ್ನದಾಗಿಸಿಕೊಂಡಿರುವ ಸಾಧ್ಯತೆ ಹೆಚ್ಚು. ಹಾಗಾಗಿ ಇಲ್ಲಿನ ತಪ್ಪು ವಾಪಸ್ ಬರುವುದಕ್ಕಿಂತ ಜೀವಂತ ಪೆಟ್ಟಿಗೆಯೊಂದಕ್ಕೆ ಬೀಳುವುದೇ ಜಾಸ್ತಿ. ಚುಕ್ಕಿ ಬಿಟ್ಟುಹೋದದ್ದೇ ಕಾರಣ ಎಂದು ಕೆಲವರು ಹೇಳುವುದುಂಟು. ಜಿಮೇಲ್ ಮಟ್ಟಿಗೆ ಅದು ತಪ್ಪು. ‘ranganath.ks’ ಮತ್ತು ‘ranganathks’ ಎರಡೂ ಅಲ್ಲಿ ಒಂದೇ ಪೆಟ್ಟಿಗೆ, ಚುಕ್ಕಿಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚುಕ್ಕಿ ಇಟ್ಟು ಬೇರೆ ಖಾತೆ ಪಡೆದಿದ್ದೇನೆ ಎಂದುಕೊಂಡವರು ಬೇರೊಬ್ಬರ ವಿಳಾಸವನ್ನೇ ತಮ್ಮದೆಂದು ಊರೆಲ್ಲ ಹಂಚುತ್ತಿರುತ್ತಾರೆ.

ಸುಮ್ಮನಿರುವುದರಿಂದ ಏನಾಗಬಹುದು ಎಂಬುದಕ್ಕೆ ಅಮೆರಿಕದ ವಯೋಮಿಂಗ್ ರಾಜ್ಯದ ರಾಕಿ ಮೌಂಟನ್ ಬ್ಯಾಂಕಿನ ಪ್ರಕರಣ ನೋಡಬೇಕು. 2009ರ ಆಗಸ್ಟಿನಲ್ಲಿ ಅಲ್ಲಿನ ನೌಕರರೊಬ್ಬರು ಗ್ರಾಹಕರ ಪರವಾಗಿ ಸಾಲದ ವಿವರ ಕಳಿಸುವಾಗ ಜಿಮೇಲ್ ವಿಳಾಸ ತಪ್ಪಿತು. ಜೊತೆಗೆ 1,325 ಖಾತೆಗಳ ಹೆಸರು, ವಿಳಾಸ, ಸಾಮಾಜಿಕ ಭದ್ರತಾ ಸಂಖ್ಯೆಗಳಿದ್ದ ಕಡತವೂ ಹೋಯಿತು. ಪತ್ರವನ್ನು ಹಿಂದಕ್ಕೆ ಕರೆಸಿಕೊಳ್ಳಲು ಬ್ಯಾಂಕು ಮಾಡಿದ ಪ್ರಯತ್ನ ಫಲಿಸಲಿಲ್ಲ. ಫಲಿಸುವುದೂ ಇಲ್ಲ, ಜಿಮೇಲ್‌ನ ‘ಅನ್‌ಡೂ’ ಎಂಬುದು ಕಳಿಸುವುದನ್ನೇ ಹೆಚ್ಚೆಂದರೆ 30 ಸೆಕೆಂಡು ತಡೆದು ನಿಲ್ಲಿಸುವ ಉಪಾಯ, ಇನ್ನೊಬ್ಬರ ಪೆಟ್ಟಿಗೆಯಿಂದ ಪತ್ರವನ್ನು ಎತ್ತಿ ತರುವ ಕೈಯಲ್ಲ. ದಯವಿಟ್ಟು ಅಳಿಸಿ, ನಮ್ಮನ್ನು ಸಂಪರ್ಕಿಸಿ ಎಂದು ಬ್ಯಾಂಕು ಎರಡನೆಯ ಪತ್ರ ಬರೆಯಿತು. ಉತ್ತರವಿಲ್ಲ. ಕಡೆಗೆ ಬ್ಯಾಂಕು ನ್ಯಾಯಾಲಯಕ್ಕೆ ಹೋಯಿತು, ಸೆಪ್ಟೆಂಬರಿನಲ್ಲಿ ನ್ಯಾಯಾಧೀಶ ಜೇಮ್ಸ್ ವೇರ್ ಆ ಖಾತೆಯನ್ನೇ ನಿಷ್ಕ್ರಿಯಗೊಳಿಸುವಂತೆ ಗೂಗಲ್‌ಗೆ ಆದೇಶಿಸಿದರು. ಏನೂ ತಪ್ಪು ಮಾಡದ ಒಬ್ಬ ವ್ಯಕ್ತಿಯ ಅಂಚೆಪೆಟ್ಟಿಗೆಗೆ ಬೀಗ ಬಿತ್ತು. ಆ ಆದೇಶ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಆದರೆ ಬ್ಯಾಂಕಿನ ಭಯಕ್ಕೆ ಕಾರಣವಾದದ್ದು ಪತ್ರ ಹೋದದ್ದಕ್ಕಿಂತ ಹೆಚ್ಚಾಗಿ ಆ ಕಡೆಯ ಮೌನ. ಅಲ್ಲಿ ಯಾರಿದ್ದಾರೆ, ಓದಿದ್ದಾರೋ, ಇನ್ನೊಬ್ಬರಿಗೆ ಕೊಟ್ಟಿದ್ದಾರೋ ಎಂಬುದು ತಿಳಿಯಲು ಬೇರೆ ದಾರಿಯೇ ಇರಲಿಲ್ಲ.

ನಮ್ಮಲ್ಲಿ ಇದರ ಇನ್ನೊಂದು ಮುಖವೂ ಇದೆ. ಗುಟ್ಟು ಬಯಲಾಗುವುದಷ್ಟೇ ನಷ್ಟವಲ್ಲ, ತಲುಪಬೇಕಾದವರಿಗೆ ತಲುಪದಿರುವುದು ಹಲವು ಸಲ ಅದಕ್ಕಿಂತ ದೊಡ್ಡದು. ಪಾವಗಡದ ವಿದ್ಯಾರ್ಥಿಯೊಬ್ಬಳ ಅರ್ಜಿಯಲ್ಲಿ ದಾಖಲೆ ಸರಿಪಡಿಸಿ ಎಂಬ ಸೂಚನೆ ಅಪರಿಚಿತರ ಪೆಟ್ಟಿಗೆಯಲ್ಲಿ ಕೂತಿದ್ದರೆ ಕೊನೆಯ ದಿನ ದಾಟುವುದು ಅವಳಿಗೆ ಗೊತ್ತೇ ಆಗುವುದಿಲ್ಲ. ಅರ್ಜಿ ತಿರಸ್ಕೃತವಾದ ಮೇಲೆ ‘ಮೇಲ್ ಕಳಿಸಿದ್ದೆವಲ್ಲ’ ಎನ್ನುವ ಕಚೇರಿಯೂ ಸುಳ್ಳು ಹೇಳುತ್ತಿರುವುದಿಲ್ಲ.

ಹೇಗೆ ತಿಳಿಸಬೇಕು ಎಂಬುದನ್ನು ಒಂದು ಕಲ್ಪಿತ ಸಂದರ್ಭದಿಂದ ನೋಡೋಣ. ಸಿರಾದ ಪ್ರಯೋಗಾಲಯವೊಂದರಿಂದ ಮಧುಗಿರಿಯ ರಂಗನಾಥರಿಗೆ ಒಂದು ಸಂಜೆ ವರದಿ ಬಂದಿದೆ. ಅವರು ಯಾವ ಪರೀಕ್ಷೆಯನ್ನೂ ಮಾಡಿಸಿಲ್ಲ. ತಮ್ಮದಲ್ಲ ಎಂದು ತಿಳಿಯಲು ಕಳಿಸಿದವರ ಹೆಸರು ಮತ್ತು ವಿಷಯದ ಸಾಲು ಸಾಕು, ಲಗತ್ತು ತೆರೆಯಬೇಕಿಲ್ಲ. ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ, ಹೇಗೂ ಸುರಕ್ಷಿತ ಎಂಬ ಸಮಾಧಾನವೂ ಇಲ್ಲಿ ನಿಲ್ಲುವುದಿಲ್ಲ. ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಅದೇ ಮಾದರಿಯನ್ನು ಬೇರೆ ಸಂಸ್ಥೆಗಳೂ ಬಳಸುತ್ತವೆ. ಅಪರಿಚಿತರಿಗೆ ಅದೊಂದು ಬೀಗ. ಆದರೆ ದಾರಿ ತಪ್ಪಿದ ಪತ್ರ ಬರುವುದು ಅದೇ ಹೆಸರಿನವರಿಗೆ. ನಾಲ್ಕು ಅಕ್ಷರ ಅವರದ್ದೇ, ಉಳಿದದ್ದು ವರ್ಷ ಮಾತ್ರ, ನೂರರೊಳಗೆ ಊಹಿಸಿ ಮುಗಿಸಬಹುದು. ಹೀಗಾಗಿ ಅದನ್ನು ಇಟ್ಟುಕೊಂಡಿರುವುದೂ ಒಂದು ಹೊಣೆಯೇ.

ರಂಗನಾಥರು ‘ಫಾರ್ವರ್ಡ್’ ಒತ್ತಬಾರದು, ಲಗತ್ತಿನ ಇನ್ನೊಂದು ಪ್ರತಿ ಹುಟ್ಟುತ್ತದೆ. ಹಲವರಿಗೆ ಹೋದ ಪತ್ರವಾದರೆ ‘ರಿಪ್ಲೈ ಆಲ್’ ಕೂಡ ಬೇಡ. ಸರಿಯಾದ ರೋಗಿಯನ್ನು ತಾವೇ ಹುಡುಕಿ ತಲುಪಿಸುತ್ತೇನೆ ಎಂಬುದು ಒಳ್ಳೆಯ ಮನಸ್ಸಿನ ಕೆಟ್ಟ ಉಪಾಯ. ಆ ಊರಿನಲ್ಲಿ ಇನ್ನೂ ಮೂವರು ರಂಗನಾಥರಿದ್ದರೆ ತಪ್ಪು ಎರಡಾಗುತ್ತದೆ. ಪ್ರಯೋಗಾಲಯದ ರಸೀದಿ, ಫಲಕ ಅಥವಾ ಜಾಲತಾಣದಲ್ಲಿರುವ ವಿಳಾಸಕ್ಕೆ ಹೊಸ ಪತ್ರ ಬರೆಯಬೇಕು, ಇಲ್ಲವೇ ಫೋನ್ ಮಾಡಬೇಕು. ‘ಸರ್, ನಿನ್ನೆ ಸಂಜೆ 6.40ಕ್ಕೆ ನಿಮ್ಮಿಂದ ನನ್ನ ಈ ವಿಳಾಸಕ್ಕೆ ಒಂದು ವರದಿ ಬಂದಿದೆ. ಅದು ನನ್ನದಲ್ಲ, ನನ್ನ ಹೆಸರಿನ ಬೇರೆ ಯಾರದ್ದೋ ಇರಬೇಕು. ಲಗತ್ತನ್ನು ತೆರೆದಿಲ್ಲ, ಯಾರಿಗೂ ಕಳಿಸಿಲ್ಲ. ಸರಿಯಾದವರಿಗೆ ಇನ್ನೊಮ್ಮೆ ಕಳಿಸಿ, ನಿಮ್ಮ ದಾಖಲೆಯಿಂದ ನನ್ನ ವಿಳಾಸ ತೆಗೆಯಿರಿ. ನಿಮ್ಮ ಉತ್ತರ ಬಂದ ಕೂಡಲೇ ಅಳಿಸುತ್ತೇನೆ.’ ಇಷ್ಟು ಸಾಕು. ಸಮಯ ಬರೆದರೆ ಅವರು ತಮ್ಮ ಪಟ್ಟಿಯಲ್ಲಿ ಆ ಪತ್ರವನ್ನು ಗುರುತಿಸುತ್ತಾರೆ, ರೋಗಿಯ ವಿವರವನ್ನು ಇಲ್ಲಿ ಮತ್ತೆ ಬರೆಯುವ ಅಗತ್ಯವಿಲ್ಲ. ತೆರೆದು ನೋಡಿಯಾಗಿದ್ದರೆ ತೆರೆದೆ ಎಂದೇ ಬರೆಯಬೇಕು. ಎಷ್ಟು ಹೊರಗೆ ಹೋಗಿದೆ ಎಂಬುದನ್ನು ಅವರು ಅದರ ಮೇಲೆ ಲೆಕ್ಕ ಹಾಕುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಕಸ್ಮಿಕವಾಗಿ ಮಾಹಿತಿ ಹೊರಹೋಗುವುದನ್ನೂ ಉಲ್ಲಂಘನೆ ಎಂದೇ ಎಣಿಸುತ್ತದೆ, ಅದನ್ನು ದತ್ತಾಂಶ ಸಂರಕ್ಷಣಾ ಮಂಡಳಿಗೂ ಮಾಹಿತಿ ಯಾರದೋ ಆ ವ್ಯಕ್ತಿಗೂ ತಿಳಿಸುವ ಕರ್ತವ್ಯವನ್ನು ಸಂಸ್ಥೆಯ ಮೇಲೆ ಹೊರಿಸುತ್ತದೆ. ತಮಗೇ ಗೊತ್ತಿಲ್ಲದ ತಪ್ಪನ್ನು ಅವರು ಯಾರಿಗೆ ತಿಳಿಸಿಯಾರು?

ಇಲ್ಲಿ ನ್ಯಾಯವಾದ ಆಕ್ಷೇಪವೊಂದಿದೆ. ದಾರಿ ತಪ್ಪಿ ಬಂದಂತೆ ಕಾಣುವ ಪತ್ರವೇ ಮೋಸಗಾರರ ಗಾಳವಾಗಿರಬಹುದು, ಉತ್ತರಿಸಿದರೆ ಈ ಪೆಟ್ಟಿಗೆ ಜೀವಂತವಾಗಿದೆ ಎಂದು ಹೇಳಿಕೊಟ್ಟಂತಾಗುತ್ತದೆ. ನಿಜ. ಅದಕ್ಕೇ ಬಂದ ಪತ್ರದೊಳಗಿನ ಕೊಂಡಿ, ಫೋನ್ ಸಂಖ್ಯೆ, ಉತ್ತರದ ಗುಂಡಿ ಯಾವುದನ್ನೂ ಮುಟ್ಟದೆ, ಬೇರೆ ಕಡೆಯಿಂದ ಗೊತ್ತಾದ ವಿಳಾಸಕ್ಕೆ ಬರೆಯುವುದು. ಪತ್ರ ಸುಳ್ಳಾಗಿದ್ದರೆ ನಿಜವಾದ ಪ್ರಯೋಗಾಲಯಕ್ಕೆ ತನ್ನ ಹೆಸರಿನಲ್ಲಿ ಮೋಸ ನಡೆಯುತ್ತಿದೆ ಎಂದು ತಿಳಿಯುತ್ತದೆ, ನಿಜವಾಗಿದ್ದರೆ ತಪ್ಪು ತಿದ್ದುತ್ತದೆ. ಗಾಳವನ್ನು ಗುರುತಿಸಲು ಒಂದು ಲಕ್ಷಣವೂ ಇದೆ: ನಿಜವಾಗಿ ದಾರಿ ತಪ್ಪಿದ ಪತ್ರ ಬೇರೊಬ್ಬರೊಡನೆ ಮಾತಾಡುತ್ತಿರುತ್ತದೆ, ನಿಮ್ಮ ಆಸೆ ಭಯಗಳ ಪರಿವೆ ಅದಕ್ಕಿಲ್ಲ. ತಪ್ಪಾಗಿ ಹಣ ಬಂದಿದೆ ವಾಪಸ್ ಹಾಕಿ, ಬಂದ ಒಟಿಪಿ ಹೇಳಿ, ಇಂದೇ ಒತ್ತಿ ಎನ್ನುವುದು ನಿಮ್ಮನ್ನೇ ಅರಸಿ ಬಂದದ್ದು. ಅಂಥದಕ್ಕೆ ಉತ್ತರ ಬೇಡ. ದುಡ್ಡು ಹೋಗಿದ್ದರೆ 1930ಕ್ಕೆ ಕರೆ ಮಾಡಬೇಕು. ಕಳಿಸಿದವರು ಖಾಸಗಿ ವ್ಯಕ್ತಿಯಾಗಿದ್ದು ಬೇರೆ ವಿಳಾಸ ಸಿಗದಿದ್ದರೆ, ಲಗತ್ತನ್ನೂ ಕೊಂಡಿಯನ್ನೂ ಮುಟ್ಟದೆ ಒಂದು ಸಾಲಿನ ಉತ್ತರ ಬರೆಯುವ ಅಪಾಯವನ್ನು ಒಪ್ಪಿಕೊಳ್ಳಬಹುದು. ವಿಳಾಸ ಚಾಲ್ತಿಯಲ್ಲಿದೆ ಎಂಬ ಒಂದು ಸಂಗತಿಯಷ್ಟೇ ಆಗ ಹೊರಗೆ ಹೋಗುವುದು. ಒಮ್ಮೆ ತಿಳಿಸಿದ ಮೇಲೆ ಮಾತು ಸ್ನೇಹದ ಕಡೆಗೆ ತಿರುಗಿದರೆ ನಿಲ್ಲಿಸುವುದು ಒಳ್ಳೆಯದು, ವಂಚನೆಗಳು ಹಾಗೆಯೇ ಶುರುವಾಗುತ್ತವೆ.

ತಪ್ಪು ಅವರದು, ಕೆಲಸ ನನಗೇಕೆ ಎಂಬುದು ಎರಡನೆಯ ಆಕ್ಷೇಪ. ತಿಂಗಳಿಗೆ ಹತ್ತಾರು ಇಂಥ ಪತ್ರ ಪಡೆಯುವವರಿಗೆ ಅದು ನಿಜವಾದ ಹೊರೆ. ಅಂಗಡಿಯ ಜಾಹೀರಾತು, ಮದುವೆ ಸೀರೆಯ ರಿಯಾಯಿತಿ ಇಂಥವನ್ನು ಸುಮ್ಮನೆ ಅಳಿಸಬಹುದು. ಆರೋಗ್ಯ, ಹಣ, ಪರೀಕ್ಷೆ, ನ್ಯಾಯಾಲಯ, ಕೊನೆಯ ದಿನ, ಇವುಗಳಲ್ಲಿ ಒಂದು ಕಂಡರೆ ಮಾತ್ರ ಬರೆದರೆ ಸಾಕು, ಅದೂ ಒಂದೇ ಸಲ. ಇನ್ನೊಬ್ಬರು ನಿಮ್ಮ ವಿಳಾಸ ಕೊಟ್ಟು ಖಾತೆ ತೆರೆದಿದ್ದರೆ ಪಾಸ್‌ವರ್ಡ್ ಬದಲಿಸಿ ಒಳಹೋಗುವ ಆಸೆ ಬರಬಹುದು. ಪೆಟ್ಟಿಗೆ ನಿಮ್ಮದು, ಖಾತೆ ನಿಮ್ಮದಲ್ಲ. ಹಾಗೆ ಮಾಡಿದರೆ ಪಾವಗಡದ ಆ ವಿದ್ಯಾರ್ಥಿನಿಯಂಥವರು ತಮ್ಮ ಅರ್ಜಿಯಿಂದಲೇ ಹೊರಗುಳಿಯುತ್ತಾರೆ, ಅನುಮತಿಯಿಲ್ಲದೆ ಒಳಹೊಕ್ಕದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಶ್ನೆಯೂ ಆದೀತು. ಶಾಲೆಯ ಹೆಸರು ಕಂಡರೆ ಮುಖ್ಯಶಿಕ್ಷಕರಿಗೆ ಒಂದು ಫೋನ್ ಮಾಡುವುದು ಹೆಚ್ಚು ಬೇಗ ಕೆಲಸ ಮಾಡುತ್ತದೆ.

ಅಳಿಸುವುದೂ ಒಂದು ಗುಂಡಿಯ ಕೆಲಸವಲ್ಲ. ಜಿಮೇಲ್‌ನಲ್ಲಿ ಅಳಿಸಿದ್ದು ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ, ಅಲ್ಲಿಂದಲೂ ತೆಗೆಯಬೇಕು. ತಿಳಿಯದೆ ಲಗತ್ತನ್ನು ಇಳಿಸಿಕೊಂಡಿದ್ದರೆ ಫೋನಿನ ಡೌನ್‌ಲೋಡ್ ಕಡತಕೋಶದಲ್ಲಿ ಒಂದು ಪ್ರತಿ ಉಳಿದಿರುತ್ತದೆ, ಮನೆಯ ಕಂಪ್ಯೂಟರಿನಲ್ಲಿ ಇನ್ನೊಂದು. ಕಳಿಸಿದವರಿಂದ ಉತ್ತರ ಬಾರದಿದ್ದರೆ ಎರಡು ವಾರ ಕಾದು ಅಳಿಸಬಹುದು, ತಾವು ತಿಳಿಸಿದ ಪತ್ರವನ್ನು ಮಾತ್ರ ಉಳಿಸಿಕೊಂಡರೆ ಸಾಕು. ಇನ್ನು ಕಳಿಸುವ ಕಡೆಯವರು, ಅಂದರೆ ಸೈಬರ್ ಸೆಂಟರಿನವರು, ಪ್ರಯೋಗಾಲಯದವರು, ಶಾಲೆಯ ಗುಮಾಸ್ತರು, ವಿಳಾಸವನ್ನು ಬಾಯಲ್ಲಿ ಕೇಳಿ ಬರೆದುಕೊಳ್ಳುವ ಬದಲು ‘ನಿಮ್ಮ ಫೋನಿನಿಂದ ನಮಗೊಂದು ಖಾಲಿ ಮೇಲ್ ಹಾಕಿ’ ಎಂದರೆ ಕಾಗುಣಿತದ ಗೊಡವೆಯೇ ಇರುವುದಿಲ್ಲ. ಬಂದ ಮೇಲ್‌ಗೇ ಉತ್ತರವಾಗಿ ವರದಿ ಕಳಿಸಿದರೆ ಆಯಿತು.